ಹೆಬ್ಬೆಟ್ಟಿನ ವಿಲ್ ಕೋರ್ಟಲ್ಲಿ ನಿಲ್ಲೋದು ಹೇಗೆ

"ನಮ್ಮಜ್ಜಿಗೆ ಓದೋಕೆ ಬರಲ್ಲ, ಈಗ ಕಣ್ಣೂ ಕಾಣಲ್ಲ. ಅವ್ರು ಹೆಬ್ಬೆಟ್ಟು ಒತ್ತಿದ ವಿಲ್ ನಾಳೆ ಕೋರ್ಟಲ್ಲಿ ನಿಲ್ಲುತ್ತಾ ವಕೀಲ್ರೇ?"

ನಿಲ್ಲುತ್ತೆ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 59ನೇ ಸೆಕ್ಷನ್ನಲ್ಲೇ ಬರ್ದಿದೆ, ಕಣ್ಣು ಕಾಣದವ್ರು, ಕಿವಿ ಕೇಳದವ್ರು, ಮಾತು ಬಾರದವ್ರು ಕೂಡ ತಾವು ಏನು ಮಾಡ್ತಿದೀವಿ ಅಂತ ತಿಳ್ಕೊಳ್ಳೋ ಹಾಗಿದ್ರೆ ವಿಲ್ ಬರೀಬಹುದು ಅಂತ. 63ನೇ ಸೆಕ್ಷನ್ ಪ್ರಕಾರ ಸಹಿ ಬದಲು ಗುರುತು ಹಾಕಿದ್ರೂ ಸಾಕು, ಅಂದ್ರೆ ಹೆಬ್ಬೆಟ್ಟು ನಡೆಯುತ್ತೆ. ಇಬ್ಬರು ಸಾಕ್ಷಿಗಳು ಬೇಕು, ಅಷ್ಟೆ. (ಮುಸ್ಲಿಮರ ವಿಲ್‌ಗೆ ಬೇರೆ ನಿಯಮ ಇದೆ, ಅದನ್ನ ಇಲ್ಲಿ ಹೇಳ್ತಿಲ್ಲ.)

ಹಾಗಾದ್ರೆ ಇಂಥ ವಿಲ್‌ಗಳು ಬಿದ್ದುಹೋಗೋದು ಎಲ್ಲಿ? ನಾನು ವಿರಾಜಪೇಟೆ ಮಡಿಕೇರಿ ಕೋರ್ಟುಗಳಲ್ಲಿ ನೋಡಿದ ಮಟ್ಟಿಗೆ ಹೆಬ್ಬೆಟ್ಟು ಯಾರದ್ದು ಅನ್ನೋ ಜಗಳ ಕಮ್ಮಿ. ಅದನ್ನ ತಜ್ಞರಿಗೆ ಕಳಿಸಿ ಹೋಲಿಸಿ ನೋಡ್ಬಹುದು. ಜಗಳ ಬರೋದು, ಆ ಕಾಗದದಲ್ಲಿ ಏನಿತ್ತು ಅಂತ ಒತ್ತಿದವ್ರಿಗೆ ಗೊತ್ತಿತ್ತಾ ಅನ್ನೋದ್ರ ಮೇಲೆ. ಓದೋಕೆ ಬರೋರು ಸಹಿ ಹಾಕಿದ್ರೆ ಓದಿಯೇ ಹಾಕಿರ್ತಾರೆ ಅಂತ ಕೋರ್ಟು ಸಾಮಾನ್ಯವಾಗಿ ಅಂದ್ಕೊಳ್ಳುತ್ತೆ, ಓದೋಕೆ ಬಾರದವ್ರ ವಿಷಯದಲ್ಲಿ ಹಾಗೆ ಅಂದ್ಕೊಳ್ಳಲ್ಲ, ಓದಿ ಹೇಳಿದ್ರು ಅಂತ ವಿಲ್ ತಂದವ್ರೇ ತೋರಿಸ್ಬೇಕು.

ಒಂದು ಕೇಸು ಹೇಳ್ತೀನಿ, ಅವತ್ತಿಂದ ನಾನು ಕೆಲಸ ಮಾಡೋ ರೀತಿನೇ ಬದಲಾಯ್ತು. ಅರೆಭಾಷೆ ಮಾತಾಡೋ ಒಬ್ಬ ಅಜ್ಜ, ಶಾಲೆಗೆ ಹೋದವ್ರಲ್ಲ. ಮೂರು ಪುಟದ ಟೈಪ್ ಮಾಡಿದ ವಿಲ್, ಪಕ್ಕಾ ಆಫೀಸ್ ಕನ್ನಡದಲ್ಲಿ, "ಚಕ್ಕುಬಂದಿ", "ತರುವಾಯ", "ನಿರಾಕ್ಷೇಪಣೀಯ" ಅಂತೆಲ್ಲ. ಕೊನೇ ಪುಟದಲ್ಲಿ ಮಾತ್ರ ಹೆಬ್ಬೆಟ್ಟು. ಸಾಕ್ಷಿ ಕಟಕಟೆಗೆ ಬಂದ, ಒಳ್ಳೇ ಮನುಷ್ಯ, ಸುಳ್ಳು ಹೇಳೋನಲ್ಲ. ಅಜ್ಜ ಒತ್ತಿದ್ದು ನೋಡಿದೀನಿ ಅಂದ. ಓದಿ ಹೇಳಿದ್ದು ಯಾರು ಅಂತ ಕೇಳಿದ್ರೆ, ಗೊತ್ತಿಲ್ಲ, ನಾನು ಹೋಗೋಷ್ಟರಲ್ಲಿ ಎಲ್ಲ ರೆಡಿ ಇತ್ತು, ಮಗ ಕರ್ದ ಹೋದೆ ಅಂದ. ಆ ಮಗನೇ ಆಸ್ತಿ ಪೂರ್ತಿ ಪಡೆದವನು. ಅಲ್ಲಿಗೆ ಮುಗೀತು. ಅಜ್ಜನ ಆಸೆ ನಿಜವಾಗ್ಲೂ ಅದೇ ಇದ್ದಿರಬಹುದು, ನನಗೆ ಇವತ್ತಿಗೂ ಹಾಗೇ ಅನ್ಸುತ್ತೆ, ಆದ್ರೆ ತೋರಿಸೋಕೆ ಒಬ್ಬ ಮನುಷ್ಯನೂ ಇರಲಿಲ್ಲ.

1958ರಲ್ಲಿ ಸುಪ್ರೀಂ ಕೋರ್ಟು ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಕೇಸಲ್ಲಿ ಹೇಳಿದ್ದು ಇದನ್ನೇ. ವಿಲ್ ಸುತ್ತ ಅನುಮಾನ ಬರೋ ಸಂಗತಿ ಇದ್ರೆ ಅದನ್ನ ನಿವಾರಿಸೋ ಹೊಣೆ ವಿಲ್ ತಂದವ್ರ ಮೇಲೆ, ಅದ್ರಲ್ಲೂ ಲಾಭ ಪಡೆಯೋನೇ ಮುಂದೆ ನಿಂತು ವಿಲ್ ಮಾಡಿಸಿದ್ರೆ ಅದೇ ದೊಡ್ಡ ಅನುಮಾನ.

ಈಗ ಒಂದು ವಿಲ್ ಸರಿಯಾಗಿ ಮಾಡಿದ್ದು ಹೇಳ್ತೀನಿ. ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದೀನಿ. ನಾಪೋಕ್ಲು ಕಡೆಯ ಒಬ್ಬ ಅಜ್ಜಿ, 78 ವರ್ಷ, ಮನೆಮಾತು ಕೊಡವ ತಕ್ಕ್, ಓದು ಇಲ್ಲ, ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದೆ. ಗಂಡ ಅವ್ರ ಹೆಸರಲ್ಲೇ ಕೊಂಡಿದ್ದ ಮೂರು ಏಕರೆ ಕಾಫಿ ತೋಟ, ಅದ್ರಲ್ಲೊಂದು ಮನೆ. ಒಕ್ಕದ, ಅಂದ್ರೆ ಕೊಡವರ ಕೂಡುಕುಟುಂಬಕ್ಕೆ ತಲೆಮಾರಿಂದ ಬಂದ, ಜಮ್ಮಾ ಜಾಗ ಇದ್ರಲ್ಲಿ ಸೇರಿಲ್ಲ, ಅದನ್ನ ಬೇಕಂತಲೇ ಹೊರಗಿಟ್ವಿ, ಒಕ್ಕದ ಆಸ್ತಿಲಿ ಎಲ್ಲರ ಪಾಲೂ ಇರೋದ್ರಿಂದ ಅದನ್ನ ಪೂರ್ತಿ ತನ್ನದು ಅನ್ನೋ ಹಾಗೆ ಬರ್ದ್ರೆ ಇಡೀ ವಿಲ್ ಮೇಲೇ ಜಗಳ ಏಳುತ್ತೆ. ಅಜ್ಜಿ ಆಸೆ, ಮನೆ ಮತ್ತು ಎರಡು ಏಕರೆ ನೋಡ್ಕೊಳ್ತಿರೋ ಕಿರಿ ಮಗನಿಗೆ, ಒಂದು ಏಕರೆ ಮಗಳಿಗೆ. ಹಿರಿಯವನಿಗೆ ಮೈಸೂರಲ್ಲಿ ಸೈಟ್ ತಗೊಳ್ಳೋಕೆ ಮೊದಲೇ ದುಡ್ಡು ಕೊಟ್ಟಿದ್ರು, ಹಾಗಾಗಿ ಅವನಿಗೆ ಇದ್ರಲ್ಲಿ ಇಲ್ಲ.

ಕಿರಿ ಮಗ ಜೀಪಲ್ಲಿ ಕರ್ಕೊಂಡು ಬಂದ. ನಾನು ಮೊದಲು ಹೇಳಿದ್ದು, "ನೀವು ಹೋಗಿ ಕಾಫಿ ಕುಡ್ಕೊಂಡು ಬನ್ನಿ" ಅಂತ. ಬೇಜಾರು ಮಾಡ್ಕೊಂಡ. ಆದ್ರೆ ಅಜ್ಜಿ ಹತ್ರ ಒಬ್ಬರೇ ಇದ್ದಾಗ ಮಾತಾಡ್ಲೇಬೇಕು. ಅವ್ರು ಹೇಳಿದ್ದನ್ನ ನಾನು ನನ್ನ ಕೈಬರಹದಲ್ಲಿ ತಾರೀಕು ಹಾಕಿ ಬರ್ಕೊಂಡೆ, ಆ ಹಾಳೆ ಇವತ್ತೂ ಫೈಲಲ್ಲಿದೆ. ಹಿರಿ ಮಗನಿಗೆ ಯಾಕಿಲ್ಲ ಅನ್ನೋ ಕಾರಣಾನೂ ಅವ್ರ ಬಾಯಿಂದಲೇ ಕೇಳಿ ವಿಲ್ಲಲ್ಲಿ ಹಾಕ್ದೆ. ಮಕ್ಕಳಲ್ಲಿ ಒಬ್ಬರನ್ನ ಬಿಟ್ಟು ಕಾರಣ ಬರೀದೇ ಇದ್ರೆ ಅದೂ ಅನುಮಾನದ ಪಟ್ಟಿಗೆ ಸೇರುತ್ತೆ.

ಸರ್ವೆ ನಂಬರ್ ಅಜ್ಜಿಗೆ ಏನೂ ಹೇಳಲ್ಲ. ಅವ್ರಿಗೆ ಗೊತ್ತಿರೋದು ತೋಡು, ಕೆರೆ, ಗೇಟ್ ಹತ್ರದ ಹಲಸಿನ ಮರ. ಅದಕ್ಕೆ ಸರ್ವೆ ನಂಬರ್ ಜೊತೆ "ಕೆರೆಯಿಂದ ಮೇಲಿನ, ಒಳ್ಳೆಮೆಣಸು ಬಳ್ಳಿ ಇರುವ ಭಾಗ" ಅಂತಾನೂ ಹಾಕಿಸ್ತೀನಿ. ಇದು ಎಷ್ಟು ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಸಾಕ್ಷಿಗಳು. ಊರ ಹಿರಿಯರನ್ನೇ ಕರೀಬೇಕು ಅಂತ ಎಲ್ರೂ ಅಂದ್ಕೊಳ್ತಾರೆ, ಆದ್ರೆ 78ರ ಅಜ್ಜಿ ವಿಲ್‌ಗೆ 80ರ ಸಾಕ್ಷಿ ಹಾಕಿದ್ರೆ ಮುಂದೆ ಕೋರ್ಟಿಗೆ ಬರೋರು ಯಾರು? ನೋಂದಣಿ ಆಗಿದ್ರೂ, ಸಾಕ್ಷಿ ಬದುಕಿದ್ದು ಸಿಗೋ ಹಾಗಿದ್ರೆ ಕನಿಷ್ಠ ಒಬ್ಬರನ್ನ ಕರೆಸ್ಲೇಬೇಕು. ಆ ಒಬ್ಬರು ತಾನು ನೋಡಿದ್ದಷ್ಟೇ ಅಲ್ದೆ, ಇನ್ನೊಬ್ಬ ಸಾಕ್ಷಿನೂ ಅಜ್ಜಿ ಎದುರೇ ಸಹಿ ಹಾಕಿದ ಅಂತಾನೂ ಹೇಳ್ಬೇಕು. ಅದಕ್ಕೇ ಕಾನೂನು ಇಬ್ಬರೂ ಒಟ್ಟಿಗೇ ಇರ್ಬೇಕು ಅಂತ ಹೇಳದಿದ್ರೂ ನಾನು ಒಟ್ಟಿಗೇ ಕೂರಿಸ್ತೀನಿ. ನಾವು ಆರಿಸಿದ್ದು ಐವತ್ತರ ಒಳಗಿನ ಇಬ್ಬರನ್ನ, ಒಬ್ಬರು ಪಕ್ಕದ ತೋಟದವ್ರು, ಇನ್ನೊಬ್ಬರು ರಿಟೈರ್ ಆಗಿ ಊರಿಗೆ ಬಂದ ಫೌಜಿ. ಇಬ್ಬರಿಗೂ ಆಸ್ತಿಲಿ ಏನೂ ಇಲ್ಲ, ಇಬ್ಬರ ಮನೆಮಾತೂ ಕೊಡವ ತಕ್ಕ್. ವಿಲ್ಲಲ್ಲಿ ಪಾಲು ಪಡೆಯೋರನ್ನ, ಅವ್ರ ಹೆಂಡತಿ ಗಂಡನನ್ನ ಸಾಕ್ಷಿ ಹಾಕ್ಬೇಡಿ, ಕ್ರೈಸ್ತರಲ್ಲಿ ಹಾಗೆ ಹಾಕಿದ್ರೆ ಅವ್ರಿಗೆ ಬರ್ದ ಪಾಲೇ ರದ್ದಾಗುತ್ತೆ, ಹಿಂದೂಗಳಲ್ಲಿ ರದ್ದಾಗದಿದ್ರೂ ಅನುಮಾನ ತಪ್ಪಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಬಿಕ್ಕಲಂ, ಅಂದ್ರೆ ಪತ್ರ ಬರೆದಿದ್ದು ನಾನು ಅನ್ನೋ ಸಹಿ, ಹಾಕಿದ ಪತ್ರಬರಹಗಾರ, ಸಬ್ ರಿಜಿಸ್ಟ್ರಾರ್, ಅಲ್ಲಿ ಗುರುತಿಸೋಕೆ ಸಹಿ ಹಾಕಿದವ್ರು, ಸರ್ಟಿಫಿಕೇಟ್ ಬರ್ದ ಡಾಕ್ಟ್ರು, ಇವ್ರೆಲ್ಲ ತಾನಾಗೇ ಸಾಕ್ಷಿ ಆಗ್ಬಿಡಲ್ಲ. ಸಾಕ್ಷಿ ಹೇಳೋ ಉದ್ದೇಶದಿಂದಲೇ ಸಹಿ ಹಾಕಿರ್ಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ. ಡಾಕ್ಟ್ರು ಸಾಕ್ಷಿನೂ ಆಗ್ಲಿ ಅಂತಿದ್ರೆ ಅವ್ರೂ ಅಜ್ಜಿ ಒತ್ತೋದನ್ನ ನೋಡಿ ಸಾಕ್ಷಿ ಜಾಗದಲ್ಲೇ ಸಹಿ ಹಾಕ್ಲಿ. ನಾವು ಡಾಕ್ಟ್ರಿಂದ ಬೇರೆ ಸರ್ಟಿಫಿಕೇಟ್ ಮಾತ್ರ ತಗೊಂಡ್ವಿ, ಅದೇ ವಾರದ ತಾರೀಕಿಂದು, ದೃಷ್ಟಿ ಇಲ್ಲ, ಕಿವಿ ಚೆನ್ನಾಗಿ ಕೇಳುತ್ತೆ, ಬುದ್ಧಿ ಸ್ಥಿಮಿತದಲ್ಲಿದೆ ಅಂತ.

ಓದಿ ಹೇಳೋ ದಿನ. ಇದಕ್ಕೆ ಅವಸರ ಮಾಡ್ಬೇಡಿ, ನಮಗೆ ಒಂದೂವರೆ ಗಂಟೆ ಹಿಡೀತು. ಓದಿದ್ದು ಆ ಫೌಜಿ. ನಾನೇ ಓದ್ಬಹುದಿತ್ತು, ಆದ್ರೆ ಓದಿದವ್ರೇ ಸಾಕ್ಷಿನೂ ಆಗಿದ್ರೆ ಮುಂದೆ ಒಬ್ಬರೇ ಕಟಕಟೆಲಿ ನಿಂತು ಎರಡನ್ನೂ ಹೇಳ್ಬಹುದು, ಓದಿದ್ದು ನಾನೇ, ಒತ್ತಿದ್ದು ನೋಡಿದ್ದೂ ನಾನೇ ಅಂತ. ಒಂದೊಂದು ಪ್ಯಾರಾ ಕನ್ನಡದಲ್ಲಿ ಓದಿ ಕೊಡವ ತಕ್ಕಲ್ಲಿ ಬಿಡಿಸಿ ಹೇಳಿದ್ರು. "ಸರೀನಾ?" ಅಂತ ಕೇಳ್ಬೇಡಿ ಅಂದಿದ್ದೆ, ಯಾಕಂದ್ರೆ ವಯಸ್ಸಾದವ್ರು ಅದಕ್ಕೆ "ಹೂಂ" ಅಂದ್ಬಿಡ್ತಾರೆ, ಆ ಹೂಂಗೆ ಬೆಲೆ ಇಲ್ಲ. "ಮಗಳಿಗೆ ಯಾವ ಕಡೆ ಜಾಗ, ನೀವೇ ಹೇಳಿ" ಅಂತ ಕೇಳ್ಬೇಕು. ಕೇಳಿದ್ವಿ. ಅಜ್ಜಿ ಕೆರೆಯಿಂದ ಮೇಲೆ ಅಂದ್ರು. ಕರಡಲ್ಲಿ ಸರ್ವೆ ನಂಬರಿನ ಉಪಭಾಗ ಅದಲುಬದಲಾಗಿ ಮಗಳಿಗೆ ಕೆಳಗಿನ ಏಕರೆ ಬಂದ್ಬಿಟ್ಟಿತ್ತು! ಕೆರೆ ಅನ್ನೋ ಮಾತು ಇಲ್ದೇ ಹೋಗಿದ್ರೆ ನಮಗ್ಯಾರಿಗೂ ಗೊತ್ತಾಗ್ತಿರಲಿಲ್ಲ. ಪೆನ್ನಲ್ಲಿ ತಿದ್ದೋಕೆ ಹೋಗ್ಲಿಲ್ಲ, ಆ ಪುಟ ಹೊಸದಾಗಿ ಪ್ರಿಂಟ್ ತೆಗ್ದು ಮತ್ತೆ ಮೊದಲಿಂದ ಓದಿದ್ವಿ. ತಪ್ಪಿದ್ದ ಪುಟಾನ ಗೀಟು ಹಾಕಿ ಫೈಲಲ್ಲಿ ಇಟ್ಕೊಂಡೆ, ಅಜ್ಜಿ ಕೇಳಿ ತಿದ್ದಿಸಿದ್ರು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪುರಾವೆ ನನಗೆ ಗೊತ್ತಿಲ್ಲ.

ಆಮೇಲೆ ಪ್ರತಿ ಪುಟಕ್ಕೂ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು ಅಂತ ಬರಹ. ಇಂಕು ಜಾಸ್ತಿ ಆದ್ರೆ ಗೆರೆ ಮುಚ್ಚಿ ಬರೀ ಕಪ್ಪು ಮಚ್ಚೆ ಬೀಳುತ್ತೆ, ತೋಟದ ಕೆಲಸ ಮಾಡಿದ ಕೈ ಬೇರೆ, ಗೆರೆ ಸವೆದಿರುತ್ತೆ, ಬೇರೆ ಹಾಳೆಲಿ ಒಂದೆರಡು ಸಲ ಒತ್ತಿಸಿ ನೋಡಿ. ಸಾಕ್ಷಿಗಳು ಅದೇ ಮೇಜಲ್ಲಿ ಕೂತು ತಮ್ಮ ಹೆಸರು ಗಟ್ಟಿಯಾಗಿ ಹೇಳಿ ಸಹಿ ಹಾಕಿದ್ರು, ಕಣ್ಣು ಕಾಣದವ್ರ ಎದುರು ಅಂದ್ರೆ ಅವ್ರಿಗೆ ತಿಳಿಯೋ ಹಾಗೆ ಇರ್ಬೇಕು. ಕೊನೆಗೆ ಫೌಜಿ ತಮ್ಮ ಕೈಬರಹದಲ್ಲೇ ಹೀಗೆ ಬರ್ದ್ರು:

"ಈ ವಿಲ್ಲಿನ ಎಲ್ಲ ಪುಟಗಳನ್ನು ನಾನು ಇವರಿಗೆ ಓದಿ, ಕೊಡವ ತಕ್ಕ್‌ನಲ್ಲಿ ವಿವರಿಸಿದ್ದೇನೆ. ಯಾರಿಗೆ ಏನು ಎಂಬುದನ್ನು ಅವರೇ ನನಗೆ ತಿರುಗಿ ಹೇಳಿ, ಸರಿಯಿದೆ ಎಂದು ಒಪ್ಪಿ, ನನ್ನೆದುರು ಹೆಬ್ಬೆಟ್ಟು ಒತ್ತಿದ್ದಾರೆ."

ಭಾಷೆ ಹೆಸರು ಬಿಡ್ಬೇಡಿ. ನಮ್ಮ ಜಿಲ್ಲೆಲಿ ಕೊಡವ, ಅರೆಭಾಷೆ, ಮಲಯಾಳಂ, ಯರವ, ತುಳು ಎಲ್ಲ ಮಾತಾಡೋರಿದಾರೆ, ಪತ್ರ ಮಾತ್ರ ಕನ್ನಡದಲ್ಲೇ. "ಓದಿಸಿ ಕೇಳಿದ್ದೇನೆ" ಅಂತ ಟೈಪ್ ಮಾಡಿದ ಒಂದು ಸಾಲು ಎಲ್ಲ ವಿಲ್ಲಲ್ಲೂ ಇರುತ್ತೆ, ಯಾರು ಓದಿದ್ರು ಯಾವ ಭಾಷೇಲಿ ಅಂತ ಇಲ್ದಿದ್ರೆ ಅದು ಕೈಗೆ ಬರಲ್ಲ.

ಮೊದಲು ಸಹಿ ಹಾಕ್ತಿದ್ದು ಈಗ ಕಣ್ಣು ಹೋದವ್ರಾದ್ರೆ ಇನ್ನೊಂದು ವಿಷಯ. ಬ್ಯಾಂಕಲ್ಲಿ ಸಹಿ ಇರುತ್ತೆ, ವಿಲ್ಲಲ್ಲಿ ಹೆಬ್ಬೆಟ್ಟು, ಯಾಕೆ ಅಂತ ಎದುರಾಳಿ ಕೇಳೇ ಕೇಳ್ತಾರೆ. ದೃಷ್ಟಿ ಹೋಗಿದ್ರಿಂದ ಸಹಿ ಸರಿಯಾಗಿ ಬರಲ್ಲ ಅಂತ ವಿಲ್ಲಲ್ಲೇ ಒಂದು ವಾಕ್ಯ ಹಾಕಿ.

ನೋಂದಣಿ ಕಡ್ಡಾಯ ಅಲ್ಲ, ವಿಲ್‌ಗೆ ಸ್ಟ್ಯಾಂಪ್ ಡ್ಯೂಟಿನೂ ಇಲ್ಲ. ಆದ್ರೆ ಇಂಥವ್ರದ್ದು ನಾನು ಮಾಡಿಸ್ದೇ ಬಿಡಲ್ಲ, ಅಲ್ಲಿ ಫೋಟೋ, ಹೆಬ್ಬೆಟ್ಟು ಎಲ್ಲ ದಾಖಲಾಗುತ್ತೆ. ಸಬ್ ರಿಜಿಸ್ಟ್ರಾರ್ "ಇದು ನೀವೇ ಬರೆಸಿದ್ದಾ" ಅಂತ ಕೇಳಿ ಮುಗಿಸೋಕೆ ಬಿಡ್ಬೇಡಿ, ಇವ್ರಿಗೆ ಕಣ್ಣು ಕಾಣಲ್ಲ, ಒಂದ್ಸಲ ವಿಷಯ ಹೇಳಿ ಕೇಳಿ ಸಾರ್ ಅಂತ ವಿನಂತಿಸ್ಕೊಳ್ಳಿ. ಹಾಸಿಗೆ ಹಿಡಿದವ್ರಾದ್ರೆ ನೋಂದಣಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮನೆಗೇ ಬರೋಕೆ ಅರ್ಜಿ ಕೊಡ್ಬಹುದು, ಜುಲೈ ಮಳೇಲಿ ಮಾತ್ರ ಆ ಪ್ಲಾನ್ ಇಟ್ಕೋಬೇಡಿ. ವಿಡಿಯೋ ಮಾಡೋದಾದ್ರೆ ಒತ್ತೋ ಅರ್ಧ ನಿಮಿಷದ್ದಲ್ಲ, ಅಜ್ಜಿ ತನ್ನ ಮಾತಲ್ಲಿ ಹೇಳೋದು ಪೂರ್ತಿ ಬರ್ಬೇಕು, ಮೂಲ ಫೈಲ್ ಜೋಪಾನವಾಗಿರ್ಬೇಕು, ವಾಟ್ಸಾಪಲ್ಲಿ ಫಾರ್ವರ್ಡ್ ಆದ ಕಾಪಿ ನಂಬ್ಕೊಂಡು ಕೂರ್ಬೇಡಿ.

ಆ ಅಜ್ಜಿ ವಿಲ್‌ನ ಮೂಲ ಪ್ರತಿ ಮಗಳ ಹತ್ರ ಇದೆ. ಕಿರಿ ಮಗ ತನ್ನ ಹತ್ರ ಇರ್ಲಿ ಅಂದ, ಅಜ್ಜಿ ಬೇಡ ಅಂದ್ರು, ನಾನೂ ಬೇಡ ಅಂದೆ.