ಸೀಸದ ನಿಲುವಂಗಿ

ಎಂ.ಎ. ಇತಿಹಾಸ ಓದುವಾಗ ಮಧ್ಯಯುಗದ ಇಂಗ್ಲೆಂಡಿನ ಮೇಲೆ ಒಂದು ಸೆಮಿನಾರ್ ಪ್ರಬಂಧ ಬರೆದಿದ್ದೆ. ರಾಜ ಜಾನ್ ಎಷ್ಟು ಕ್ರೂರಿ ಅನ್ನುವುದು ವಿಷಯ. ಗ್ರಂಥಾಲಯದಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಒಂದು ಭಯಂಕರ ಕಥೆಯಿತ್ತು. ಪೋಪ್ 1209ರಲ್ಲಿ ಜಾನ್‌ನನ್ನು ಚರ್ಚಿನಿಂದ ಹೊರಹಾಕಿದ. ಆಗ ಲೆಕ್ಕದ ಮನೆಯಲ್ಲಿ ಕೆಲಸಕ್ಕಿದ್ದ ಜೆಫ್ರಿ ಎಂಬ ಪಾದ್ರಿ, ನಾರಿಚ್‌ನ ಆರ್ಚ್‌ಡೀಕನ್, ಇಂಥ ರಾಜನ ಸೇವೆ ಮಾಡುವುದು ಕ್ಷೇಮವಲ್ಲ ಎಂದು ಪಕ್ಕದವರಿಗೆ ಹೇಳಿ ಎದ್ದು ಹೋದ. ರಾಜ ಅವನನ್ನು ಹಿಡಿಸಿ, ಸರಪಳಿ ಹಾಕಿಸಿ, ಮೈಮೇಲೆ ಸೀಸದ ನಿಲುವಂಗಿ ಹೊದಿಸಿದ. ಹಸಿವು, ಭಾರ ಎರಡೂ ಸೇರಿ ಜೀವ ಹೋಯಿತು.

ಇದನ್ನು ಬರೆದವನು ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ರೋಜರ್ ಆಫ್ ವೆಂಡೋವರ್. ಅದೇ ಮಠದ ಮ್ಯಾಥ್ಯೂ ಪ್ಯಾರಿಸ್ ಕೂಡ ಇದನ್ನೇ ಬರೆದಿದ್ದಾನೆ. ಎರಡು ಸಾಕ್ಷಿ ಸಿಕ್ಕಿತಲ್ಲ ಎಂದು ಅಡಿಟಿಪ್ಪಣಿಯಲ್ಲಿ ಇಬ್ಬರ ಹೆಸರನ್ನೂ ಹಾಕಿ, ಹೆಮ್ಮೆಯಿಂದ ಕೊಟ್ಟೆ.

ಮೇಡಂ ಅಂಕ ಹಾಕಲಿಲ್ಲ. ರಜೆಗೆ ಊರಿಗೆ ಹೋಗಿದ್ದಾಗ ಅವರ ಇನ್‌ಲ್ಯಾಂಡ್ ಪತ್ರ ಬಂತು. ಒಂದಿಂಚೂ ಬಿಡದೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

‘ಮೊದಲು ನಿನ್ನ ಎರಡನೇ ಸಾಕ್ಷಿಯನ್ನು ಹೊಡೆದುಹಾಕು. ರೋಜರ್ 1236ರಲ್ಲಿ ತೀರಿಕೊಂಡ. ಮ್ಯಾಥ್ಯೂ ಅವನ ಪುಸ್ತಕವನ್ನೇ ನಕಲು ಮಾಡಿ, ಅಲ್ಲಲ್ಲಿ ಖಾರ ಹಾಕಿ, ಮುಂದುವರಿಸಿದವನು. ನಿಮ್ಮೂರಲ್ಲಿ ಒಬ್ಬ ಹೇಳಿದ್ದನ್ನು ಅವನ ತಮ್ಮನೂ ಹೇಳಿದರೆ ಇಬ್ಬರು ನೋಡಿದರು ಅಂತೀಯಾ?

‘ಇನ್ನು ರೋಜರ್. ಅವನು ಎಲ್ಲಿ ಕೂತಿದ್ದ? ಸೇಂಟ್ ಆಲ್ಬನ್ಸ್ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆಯಲ್ಲಿದೆ. ದಾರಿಹೋಕರು ಮಠದಲ್ಲಿ ಉಳಿಯುತ್ತಿದ್ದರು. ಅವನಿಗೆ ಸುದ್ದಿ ಬರುತ್ತಿತ್ತು ನಿಜ, ಆದರೆ ಸೆರೆಮನೆಯನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಯಾವಾಗ ಬರೆದ? ಜಾನ್ ಸತ್ತದ್ದು 1216ರಲ್ಲಿ, ರೋಜರ್ ಬರೆಯಲು ಕೂತದ್ದು ಅದಾದ ಮೇಲೆ. ಅಷ್ಟರಲ್ಲಿ ಏನಾಗಿತ್ತು? 1217ರ ಜನವರಿಯಲ್ಲಿ ಜಾನ್‌ನ ಹಳೆಯ ಸೇನಾನಿ ಫಾಕ್ಸ್ ದ ಬ್ರೋಟೆ ಆ ಊರನ್ನು ದೋಚಿ, ಮಠಾಧಿಪತಿಯಿಂದ 100 ಪೌಂಡ್ ಕಿತ್ತುಕೊಂಡಿದ್ದ. ಆ ಮಠದಲ್ಲಿ ಜಾನ್ ಬಗ್ಗೆ ಒಳ್ಳೆ ಮಾತು ಬರುತ್ತಿತ್ತಾ, ನೀನೇ ಹೇಳು.’

ಇಷ್ಟು ಓದಿದಾಗ ಸರಿ, ಇವನು ಸುಳ್ಳುಗಾರ, ಇವನನ್ನು ಬಿಟ್ಟುಬಿಡೋಣ ಅನ್ನಿಸಿತು. ಪತ್ರ ತಿರುಗಿಸಿದರೆ ಅದಕ್ಕೂ ಉತ್ತರ ಇತ್ತು.

‘ಬಿಸಾಕಬೇಡ. ಕಥೆಯಲ್ಲಿ ತಾಳೆ ನೋಡಬಹುದಾದ ವಿವರ ಯಾವುದು, ಅದನ್ನು ಹಿಡಿ. ಸೀಸ, ಹಸಿವು, ರಾಜನ ಸಿಟ್ಟು, ಇವನ್ನು ತಾಳೆ ನೋಡಲಾಗದು. ಹುದ್ದೆಯನ್ನು ನೋಡಬಹುದು. ನಾರಿಚ್‌ನ ಆರ್ಚ್‌ಡೀಕನ್ ಜೆಫ್ರಿ ದ ಬರ್ಗ್ 1209ರಲ್ಲಿ ಸಾಯಲೇ ಇಲ್ಲ. 1225ರಲ್ಲಿ ಈಲಿಯ ಬಿಷಪ್ ಆದ! ಹಾಗಾದರೆ ಸತ್ತವನು ಯಾರು? ನಾರಿಚ್‌ನ ಜೆಫ್ರಿ ಎಂಬ ಇನ್ನೊಬ್ಬ ಪಾದ್ರಿ ರಾಜನ ಸೆರೆಯಲ್ಲಿ ಸತ್ತ ಎಂದು ಬೇರೆ ವೃತ್ತಾಂತಗಳೂ ಹೇಳುತ್ತವೆ, ಆದರೆ ಅದು 1209ಕ್ಕಿಂತ ಕೆಲವು ವರ್ಷ ಈಚೆಗೆ. ಎರಡು ಜೆಫ್ರಿಗಳು ಒಂದಾಗಿದ್ದಾರೆ, ವರ್ಷ ಜಾರಿದೆ. ಸೆರೆಯಲ್ಲಿ ಸತ್ತದ್ದು ಮಾತ್ರ ನಿಜವೆಂದು ಉಳಿಯಿತು.

‘ಸೀಸಕ್ಕೆ ಮತ್ತೆ ಬಾ. ರೋಜರ್ ಹೇಳುವ ನಿಲುವಂಗಿ ಪಾದ್ರಿಗಳು ಪೂಜೆಗೆ ತೊಡುವಂಥದ್ದು. ರಾಜ ಅದನ್ನೇ ಕೊಲ್ಲುವ ಸಾಧನ ಮಾಡಿದ ಎಂಬ ಕಥೆ ಮಠದಲ್ಲಿ ಓಡಾಡುತ್ತಿತ್ತು ಅಂದರೆ, ಅಲ್ಲಿಯವರ ಎದೆಯಲ್ಲಿ ಏನಿತ್ತು ಅನ್ನುವುದಕ್ಕೆ ರೋಜರ್ ಒಳ್ಳೆಯ ಸಾಕ್ಷಿ. ಅಲ್ಲಿ ಅವನನ್ನು ನಂಬು. ಜಾನ್ ಎಂದು ಎಲ್ಲಿದ್ದ, ಯಾರಿಗೆ ಎಷ್ಟು ಕೊಟ್ಟ ಎಂಬುದಕ್ಕೆ ಅರಮನೆಯ ಲೆಕ್ಕದ ಸುರುಳಿಗಳಿವೆ. ಶಾನುಭೋಗರ ಕಡತ ಇದ್ದ ಹಾಗೆ. ಅದರಲ್ಲಿ ಕಥೆ ಇಲ್ಲ.’

ಪತ್ರದ ಕೊನೆಗೆ ‘ಚೆನ್ನಾಗಿ ಊಟ ಮಾಡು, ಪ್ರಬಂಧ ಇನ್ನೊಮ್ಮೆ ಬರಿ’ ಎಂದಿತ್ತು.

ಬರೆದೆ. ಮ್ಯಾಥ್ಯೂವನ್ನು ತೆಗೆದೆ. ಜೆಫ್ರಿಯ ವಿಷಯಕ್ಕೇ ಎರಡು ಪುಟ ಕೊಟ್ಟೆ. ಉಳಿದ ಕಡೆ ರೋಜರ್ ಏನೇ ಹೇಳಿದರೂ ಸುರುಳಿಗಳಲ್ಲಿ ಹುಡುಕಿ, ಸಿಗದಿದ್ದರೆ ‘ಇದು ನಡೆದಿಲ್ಲ’ ಎಂದು ಬರೆದುಬಿಟ್ಟೆ. ಭಾರಿ ಧೈರ್ಯ ಬಂದಿತ್ತು ನನಗೆ.

ಈ ಸಲ ಅಂಕ ಬಂತು, 20ಕ್ಕೆ 13. ನಾನು ಬರೆದಿದ್ದ ‘ಇದು ನಡೆದಿಲ್ಲ’ಗಳ ಕೆಳಗೆಲ್ಲ ಪೆನ್ಸಿಲ್ ಗೆರೆ. ಕೊನೆಯ ಗೆರೆಯ ಪಕ್ಕದಲ್ಲಿ ಮೇಡಂ ಬರೆದಿದ್ದರು: ‘ಸುರುಳಿ ಬರೆದ ಗುಮಾಸ್ತನಿಗೆ ಸಂಬಳ ಕೊಡುತ್ತಿದ್ದವರು ಯಾರು?’