ಜೋಳದ ರಾಶಿಯ ಎತ್ತರ ಎಷ್ಟು?

"ಸರ್, ಸೂತ್ರ ಎಲ್ಲಾ ಬಾಯಿಪಾಠ ಅದಾವ್ರಿ. ಆದ್ರೂ ಶಂಕುವಿನ ಲೆಕ್ಕದಾಗ ಎಲ್ಲಿ h ಹಾಕಬೇಕು, ಎಲ್ಲಿ l ಹಾಕಬೇಕು ಅಂತ ಪ್ರತಿ ಸಲ ತಪ್ಪತೈತಿ. ಯಾಕ್ರಿ?"

ನಾನೂ ಇದೇ ತಪ್ಪು ಮಾಡಿದ್ದೆ. ಅದೂ ಪರೀಕ್ಷೆಯಲ್ಲಲ್ಲ, ಕಣದಲ್ಲಿ.

ಸಿಂದಗಿ ಕಡೆ ನಮ್ಮ ಕಾಕಾನ ಹೊಲ. ಹಿಂಗಾರಿ ಜೋಳದ ರಾಶಿ ಆಗಿತ್ತು. ಎಷ್ಟು ಚೀಲ ತರಬೇಕು ಅಂತ ಕಾಕಾ ಕೇಳಿದ. ನಾನು ಆಗಷ್ಟೇ ಶಂಕುವಿನ ಪಾಠ ಕಲಿತವನು, ಬಿಡ್ತೀನಾ? ರಾಶಿಯ ಬುಡದ ಸುತ್ತ ಹಗ್ಗ ಹಿಡಿದು ಅಳೆದೆ, ಸುಮಾರು 9.4 ಮೀಟರ್ ಬಂತು. ಅದನ್ನು 2π ಇಂದ ಭಾಗಿಸಿದರೆ ತ್ರಿಜ್ಯ 1.5 ಮೀಟರ್. ಆಮೇಲೆ ಈ ಬುಡದಿಂದ ತುದಿ ಮೇಲೆ ಹಾಯಿಸಿ ಆ ಬುಡದ ತನಕ ಟೇಪು ಎಳೆದೆ. 3.4 ಮೀಟರ್. ಅರ್ಧ ಮಾಡಿ, "ಎತ್ತರ 1.7" ಅಂತ ಬರೆದುಕೊಂಡೆ.

ತಪ್ಪಿದ್ದು ಅಲ್ಲೇ. ಟೇಪು ರಾಶಿಯ ಮೈಮೇಲೆ ಜಾರಿಕೊಂಡು ಹೋಗಿತ್ತು. ಅದು ಓರೆ ಎತ್ತರ, ಅಂದರೆ l. ನಿಜವಾದ ಎತ್ತರ, ಅಂದರೆ h, ರಾಶಿಯ ಒಳಗೆ ಹುದುಗಿರುತ್ತದೆ, ತುದಿಯಿಂದ ನೆಟ್ಟಗೆ ನೆಲಕ್ಕೆ. ಅದಕ್ಕೆ ಟೇಪು ಹಿಡಿಯಲು ಬರುವುದಿಲ್ಲ, ಲೆಕ್ಕದಿಂದಲೇ ತೆಗೆಯಬೇಕು. ಎತ್ತರ, ತ್ರಿಜ್ಯ, ಓರೆ ಎತ್ತರ ಸೇರಿ ಲಂಬಕೋನ ತ್ರಿಭುಜ ಆಗುತ್ತದೆ, ಅದರಲ್ಲಿ ಓರೆ ಎತ್ತರವೇ ವಿಕರ್ಣ: 1.7ರ ವರ್ಗ 2.89, ಅದರಲ್ಲಿ 1.5ರ ವರ್ಗ 2.25 ಕಳೆದರೆ 0.64. ಅದರ ವರ್ಗಮೂಲ 0.8. ಎತ್ತರ ಬರೀ 0.8 ಮೀಟರ್! (ಇಲ್ಲಿ ಕಳೆಯುವ ಬದಲು ಕೂಡಿಸುವವರೂ ಇದ್ದಾರೆ. ಆಗ ಎತ್ತರ 2.27 ಬರುತ್ತದೆ. ನೆಟ್ಟಗಿನ ದಾರಿ ಓರೆ ದಾರಿಗಿಂತ ಉದ್ದ ಆಗೋದು ಹೇಗೆ? ಅಲ್ಲೇ ಸಿಕ್ಕಿಬೀಳಬೇಕು.)

ಘನಫಲ ⅓πr²h. ಸರಿಯಾದ ಎತ್ತರ ಹಾಕಿದರೆ 1.88 ಘನ ಮೀಟರ್. ನಾನು 1.7 ಹಾಕಿದ್ದಕ್ಕೆ 4 ಬಂತು. ಒಂದು ಘನ ಮೀಟರ್ ಜೋಳ ಸುಮಾರು 7 ಕ್ವಿಂಟಾಲ್ ತೂಗುತ್ತದೆ. ಹಾಗಾಗಿ ಕಾಕಾಗೆ ಕ್ವಿಂಟಾಲಿನ 28 ಚೀಲ ಹೇಳಿದೆ. ತುಂಬಿದ್ದು 13, ಮೇಲೆ ಸ್ವಲ್ಪ ಉಳಿಯಿತು. ಕಾಕಾ ಖಾಲಿ ಚೀಲ ಎಣಿಸುತ್ತಾ, "ಉಳಿದ ಜ್ವಾಳ ಯಾವ ಪುಸ್ತಕದಾಗ ಐತೋ ತಮ್ಮಾ?" ಅಂದ.

ಹಾಗಾದರೆ ಇದೇ ತಪ್ಪು ಶಾಲೆಯಲ್ಲಿ ಯಾಕೆ ಇಷ್ಟು ಎದ್ದು ಕಾಣುವುದಿಲ್ಲ? ಲೆಕ್ಕಕ್ಕೆ ಕೊಡುವ ಶಂಕುಗಳು ಹೆಚ್ಚಾಗಿ ಸಪೂರ ಇರುತ್ತವೆ. ತ್ರಿಜ್ಯ 7, ಎತ್ತರ 24 ಅಂದರೆ ಓರೆ ಎತ್ತರ 25. ಒಂದರ ಬದಲು ಇನ್ನೊಂದು ಹಾಕಿದರೂ ಉತ್ತರ ನೂರಕ್ಕೆ ನಾಲ್ಕರಷ್ಟು ತಪ್ಪುತ್ತದೆ ಅಷ್ಟೆ. ಕಣ್ಣಿಗೆ ಸರಿ ಅನ್ನಿಸುತ್ತದೆ. ಜೋಳದ ರಾಶಿ ಹಾಗಲ್ಲ, ಕಾಳು ಜಾರಿ ಜಾರಿ ಅಗಲಕ್ಕೆ ಕೂರುತ್ತದೆ. ನಮ್ಮ ರಾಶಿಯ ಇಳಿಜಾರು 28 ಡಿಗ್ರಿ ಇತ್ತು. ಶಂಕು ಚಪ್ಪಟೆ ಆದಷ್ಟೂ h ಮತ್ತು l ದೂರ ದೂರ ಹೋಗುತ್ತವೆ.

ಯಾವುದಕ್ಕೆ ಯಾವುದು ಅನ್ನೋದಕ್ಕೆ ಮನೆಯ ಖಡಕ್ ರೊಟ್ಟಿ ನೆನಪಿಟ್ಟುಕೊಳ್ಳಿ. ಒಂದರ ಮೇಲೊಂದು ಒಟ್ಟಿದ ರೊಟ್ಟಿ ಸ್ವಲ್ಪ ವಾಲಿತು ಅನ್ನಿ. ಅಂಚಿನ ಗುಂಟ ಅಳೆದರೆ ಉದ್ದ ಜಾಸ್ತಿ ಆಗಿರುತ್ತದೆ, ಆದರೆ ರೊಟ್ಟಿ ಒಂದೂ ಹೆಚ್ಚಾಗಿಲ್ಲ. ಒಳಗೆ ಎಷ್ಟು ಹಿಡಿಯುತ್ತದೆ ಅನ್ನೋದು ಪದರಗಳ ದಪ್ಪದ ಮಾತು, ದಪ್ಪವನ್ನು ನೆಟ್ಟಗೇ ಅಳೆಯಬೇಕು. ಅದಕ್ಕೇ ಘನಫಲದಲ್ಲಿ h.

ಮೇಲ್ಮೈ ಹಾಗಲ್ಲ. ಹುಟ್ಟುಹಬ್ಬದ ಕಾಗದದ ಟೊಪ್ಪಿಗೆಯನ್ನು ಬುಡದಿಂದ ತುದಿಗೆ ಕತ್ತರಿಸಿ ಹರವಿ. ಬೀಸಣಿಕೆ ಆಕಾರ ಬರುತ್ತದೆ. ಕತ್ತರಿ ಹೋದ ದಾರಿಯೇ ಅದರ ತ್ರಿಜ್ಯ, ಅದೇ l. ಬೀಸಣಿಕೆಯ ಹೊರ ಅಂಚು ಟೊಪ್ಪಿಗೆಯ ಬುಡದ ಸುತ್ತಳತೆ, 2πr. ವಿಸ್ತೀರ್ಣ ಇವೆರಡರ ಗುಣಲಬ್ಧದ ಅರ್ಧ, ಅಂದರೆ πrl. ಎತ್ತರ ಅನ್ನೋದು ಆ ಕಾಗದದ ಮೇಲೆ ಎಲ್ಲೂ ಇಲ್ಲ. ಟೊಪ್ಪಿಗೆಯ ಒಳಗಿನ ಗಾಳಿಯಲ್ಲಿತ್ತು, ಬಿಚ್ಚಿದಾಗ ಹೋಯಿತು.

ಅದೇ ರಾಶಿಗೆ ಮಳೆ ಮೋಡ ನೋಡಿ ತಾಡಪಾಲ ಹೊದಿಸಬೇಕಾಯಿತು. πrl ಅಂದರೆ 8 ಚದರ ಮೀಟರ್. h ಹಾಕಿದ್ದರೆ 3.77 ಬಂದು ಅರ್ಧ ಜೋಳ ನೆನೆಯುತ್ತಿತ್ತು. ಪೂರ್ಣ ಮೇಲ್ಮೈ ಸೂತ್ರ ಹಾಕಿದ್ದರೆ ನೆಲಕ್ಕೆ ತಾಗಿದ ಬುಡಕ್ಕೂ ಸುಮ್ನೆ 7 ಚದರ ಮೀಟರ್ ಸೇರುತ್ತಿತ್ತು. ಈ ಸಲ ನಾನು ಸರಿಯಾಗಿ 8 ಅಂದೆ. ಆದರೂ ಕಾಕಾ ತಂದಿದ್ದು 12 ಅಡಿಗೆ 12 ಅಡಿಯದು, 13 ಚದರ ಮೀಟರಿಗಿಂತ ಜಾಸ್ತಿ. ಚೌಕ ಬಟ್ಟೆ ರಾಶಿಗೆ ಹೊದಿಸಿದರೆ ನಿರಿಗೆ ಬೀಳುತ್ತದೆ, ಮೂಲೆ ಹೆಚ್ಚಾಗಿ ಉಳಿಯುತ್ತದೆ. ಅಡ್ಡಲಾಗಿ 3.4 ಮೀಟರ್ ಮುಚ್ಚಿ, ಎರಡೂ ಕಡೆ ಕಲ್ಲು ಹೇರಲು ಅರ್ಧರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಅಂಚು ಉಳಿಯಿತು. ಕಾಕಾ ಸೂತ್ರ ಹಾಕಿರಲಿಲ್ಲ. ನನ್ನ ಟೇಪಿನ 3.4 ಮಾತ್ರ ಕೇಳಿಕೊಂಡಿದ್ದ.