ಹಾಜರಿ ಪುಸ್ತಕದ ಫೋಟೋದಲ್ಲಿ ಸಿಕ್ಕ ಅರ್ಧ ಆಳು

ಚಿಕ್ಕಮಗಳೂರಲ್ಲಿ ಕೂತ್ಕೊಂಡೇ ಮೂಡಿಗೆರೆ ಕಡೆಯ ಕೆಲವು ಕಾಫಿ ತೋಟಗಳ ಬಟವಾಡೆ ಲೆಕ್ಕ ನೋಡ್ಕೊಳ್ತೀನಿ ನಾನು. ತೋಟದಲ್ಲಿ ಹಾಜರಿ ಬರೆಯೋ ರೈಟರ್ ಶನಿವಾರ ಮಧ್ಯಾಹ್ನ ಹಾಜರಿ ಪುಸ್ತಕದ ಫೋಟೋ ಹೊಡೆದು ವಾಟ್ಸಾಪಲ್ಲಿ ಕಳಿಸ್ತಾರೆ, ನಾನು ಯಾರಿಗೆ ಎಷ್ಟು ಅಂತ ಲೆಕ್ಕ ಹಾಕಿ ವಾಪಸ್ ಕಳಿಸ್ತೀನಿ, ಸಂಜೆ ಬಟವಾಡೆ ಆಗುತ್ತೆ. ಹೋದ ಮಳೆಗಾಲದಲ್ಲಿ ಒಂದು ವಾರದ ಲೆಕ್ಕ ಮಾಡ್ವಾಗ ಆಗಿದ್ದನ್ನ ಬರೀತಿದೀನಿ, ಯಾಕಂದ್ರೆ ಈ ಕೆಲಸ ಮಾಡೋರು ನಮ್ಮ ಕಡೆ ತುಂಬಾ ಜನ ಇದಾರೆ, ಫೋಟೋ ನೋಡಿ ಟೈಪ್ ಮಾಡಿ ದಿನದ ಕೂಲಿಯಿಂದ ಗುಣಿಸಿದ್ರೆ ಮುಗೀತು ಅಂತ ಅಂದ್ಕೊಂಡಿರೋರೂ ಇದಾರೆ.

ಚಿಕ್ಕ ತೋಟ ಅದು, ಆ ವಾರ ಹನ್ನೆರಡು ಜನ. ಒಬ್ಬರ ಒಂದು ದಿನದ ಕೆಲಸಕ್ಕೆ ಒಂದು ಆಳು ಅಂತ ಲೆಕ್ಕ. ಒಂದು ಆಳಿಗೆ 500 ರೂಪಾಯಿ, ಗಂಡಸರಿಗೂ ಹೆಂಗಸರಿಗೂ ಒಂದೇ. ಕಳೆ ಹೊಡೆಯೋ ಕೆಲಸ ನಡೀತಿತ್ತು. ರೈಟರಣ್ಣ ಹಾಜರಿ ಹಾಕೋ ರೀತಿ ಹಳೇ ಕಾಲದ್ದು. ಬೆಳಿಗ್ಗೆ ಹೆಸರು ಕೂಗಿದಾಗ ಚೌಕದಲ್ಲಿ ಹೀಗೆ `/` ಒಂದು ಗೀಟು, ಊಟ ಆದ್ಮೇಲೆ ಕೆಲಸಕ್ಕೆ ಇಳಿದ್ರೆ ಅದರ ಮೇಲೇ `\` ಇನ್ನೊಂದು ಗೀಟು, ಎರಡೂ ಸೇರಿ `X` ಆದ್ರೆ ಪೂರ್ತಿ ಆಳು. ಒಂದೇ ಗೀಟು ಇದ್ರೆ ಅರ್ಧ ಆಳು. ಬರದೇ ಇದ್ದೋರಿಗೆ ಸೊನ್ನೆ. ಮಧ್ಯಾಹ್ನದ ಗೀಟು ಹಾಕಿದ್ಮೇಲೆ ಕಾಲಂ ಕೆಳಗೆ ಅವತ್ತು ಒಟ್ಟು ಎಷ್ಟು ಆಳು ಅಂತ ಬರೀತಾರೆ, ಶನಿವಾರ ಪ್ರತಿಯೊಬ್ಬರ ವಾರದ ಒಟ್ಟನ್ನ ಭಾನುವಾರದ ಖಾಲಿ ಕಾಲಂನಲ್ಲಿ ಕೆಂಪು ಪೆನ್ನಲ್ಲಿ ಬರೀತಾರೆ. ಈ ಎರಡು ಒಟ್ಟುಗಳು ಇಲ್ದಿದ್ರೆ ಫೋಟೋ ನೋಡಿ ಲೆಕ್ಕ ಮಾಡೋ ಧೈರ್ಯ ನನಗಂತೂ ಇಲ್ಲ.

ಆ ವಾರ 14ನೇ ತಾರೀಕು ಸೋಮವಾರದಿಂದ 19 ಶನಿವಾರದವರೆಗೆ. ಆ ಪುಸ್ತಕದಲ್ಲಿ ಎಡಗಡೆ ಪುಟದಲ್ಲಿ ಹೆಸರು ಮತ್ತೆ 1ರಿಂದ 15, ಬಲಗಡೆ ಪುಟದಲ್ಲಿ 16ರಿಂದ 31. ಅಂದ್ರೆ ಈ ವಾರ ಪುಸ್ತಕದ ಮಡಿಕೆ ಮೇಲೇ ಬಿದ್ದಿತ್ತು, 16ನೇ ತಾರೀಕಿನ ಬುಧವಾರದ ಕಾಲಂ ಪೂರ್ತಿ ಹೊಲಿಗೆ ಹತ್ತಿರದ ನೆರಳಲ್ಲಿ ಮುಳುಗಿತ್ತು. ವಾಟ್ಸಾಪಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದ್ರೆ ಅದು ಒತ್ತಿ ಚಿಕ್ಕದು ಮಾಡಿಬಿಡುತ್ತೆ, ತೆಳು ಗೀಟುಗಳು ಹೋಗ್ಬಿಡ್ತವೆ, ಅದಕ್ಕೆ ಡಾಕ್ಯುಮೆಂಟ್ ಅಂತ ಕಳಿಸಿ ಅಣ್ಣ ಅಂತ ಯಾವಾಗ್ಲೂ ಹೇಳ್ತೀನಿ. ಅವತ್ತು ಹಾಗೇ ಕಳಿಸಿದ್ರು, ಬಲಗಡೆ ಪುಟವನ್ನ ಚಪ್ಪಟೆ ಮಾಡಿ ಒತ್ತಿ ಹಿಡಿದು ಇನ್ನೊಂದು ಫೋಟೋನೂ ಕಳಿಸಿದ್ರು. ಬುಧವಾರ ಸರಿಹೋಯ್ತು.

ನಾನು ಶೀಟಲ್ಲಿ ಸೀದಾ 1, ಅರ್ಧ ಅಂತ ಅಂಕಿ ಹಾಕಲ್ಲ. ಕಣ್ಣಿಗೆ ಕಂಡ ಗುರುತನ್ನೇ ಹಾಕ್ತೀನಿ, ಪೂರ್ತಿಗೆ `X`, ಅರ್ಧಕ್ಕೆ `H`, ಇಲ್ಲದ್ದಕ್ಕೆ `A`. ಗೀಟನ್ನೇ ಯಾಕೆ ಹಾಕಲ್ಲ ಅಂದ್ರೆ ಎಕ್ಸೆಲ್ಲಲ್ಲಿ `/` ಒತ್ತಿದ್ರೆ ಮೇಲಿನ ಮೆನುಗೆ ಹಾರುತ್ತೆ. ಕಾಣದೇ ಇರೋ ಚೌಕನ ಖಾಲಿ ಬಿಡ್ತೀನಿ, ಅನುಮಾನ ಇದ್ದಾಗ `A` ಹಾಕಿಬಿಟ್ರೆ ಅದು ಒಬ್ಬರ ಕೂಲಿ ತಿಂದ ಹಾಗೆ, ಆಮೇಲೆ ಆ ಅನುಮಾನ ಇತ್ತು ಅನ್ನೋದೂ ಯಾರಿಗೂ ಗೊತ್ತಾಗಲ್ಲ. ಖಾಲಿ ಚೌಕ ಎಣಿಸೋ `=COUNTBLANK(C4:H15)` ಸೊನ್ನೆ ಬರೋ ತನಕ ದುಡ್ಡಿನ ಕಾಲಂ ಮುಟ್ಟಲ್ಲ.

ಅವತ್ತು ಖಾಲಿ ಒಂದೂ ಇರ್ಲಿಲ್ಲ. ಆದ್ರೆ ರೈಟರಣ್ಣ ಕಾಲಂ ಕೆಳಗೆ ಬರೆದಿದ್ದು ಸೋಮವಾರ 12, ಮಂಗಳವಾರ 11, ಬುಧವಾರ 10½, ಗುರುವಾರ 8, ಶುಕ್ರವಾರ 11½, ಶನಿವಾರ 12, ಒಟ್ಟು 65. ಶೀಟ್ ಹೇಳ್ತಿದ್ದಿದ್ದು 65½. ಅರ್ಧ ಆಳು ಅಂದ್ರೆ 250 ರೂಪಾಯಿ, ಬಿಡಿ ಅಂತ ಬಿಡೋಕಾಗುತ್ತಾ? ಒಂದೊಂದೇ ಕಾಲಂ ನೋಡ್ದೆ. ಐದು ದಿನ ಸರಿ ಇದೆ, ಗುರುವಾರ ಮಾತ್ರ ಪುಸ್ತಕದಲ್ಲಿ 8, ಶೀಟಲ್ಲಿ 8½. ಆಮೇಲೆ ಅಡ್ಡಕ್ಕೆ ಸಾಲು ಸಾಲು ಕೆಂಪು ಅಂಕಿ ಜೊತೆ ಹೋಲಿಸ್ದೆ, ಏಳನೇ ಸಾಲಿನ ಅಕ್ಕಂಗೆ ಪುಸ್ತಕದಲ್ಲಿ 5, ಶೀಟಲ್ಲಿ 5½. ತಪ್ಪಿರೋ ಕಾಲಂ ಒಂದು, ತಪ್ಪಿರೋ ಸಾಲು ಒಂದು, ಎರಡೂ ಸೇರೋ ಚೌಕ ಒಂದೇ. ಎಪ್ಪತ್ತೆರಡು ಚೌಕ ಮತ್ತೆ ಓದೋ ಬದಲು ಒಂದೇ ಚೌಕ ಜೂಮ್ ಮಾಡಿ ನೋಡಿದ್ರೆ ಸಾಕು.

ಜೂಮ್ ಮಾಡಿದ್ರೆ ಅಲ್ಲಿ ಕಾಣೋದು `X` ಏ! ಆದ್ರೆ ಒಂದು ಗೀಟು ದಟ್ಟ ನೀಲಿ, ಇನ್ನೊಂದು ಮಾಸಲು. ಮಳೆಗಾಲದಲ್ಲಿ ತೋಟದ ಆಫೀಸಲ್ಲಿ ಪುಸ್ತಕ ಥಂಡಿ ಹಿಡಿದು ಇಂಕು ಹಾಳೆಯೊಳಗೆ ಇಳಿದುಬಿಟ್ಟಿರುತ್ತೆ, ಹಿಂದಿನ ಪುಟದ್ದು ಈ ಕಡೆ ಕಾಣುತ್ತೆ. ಅದು ಹಾಗೇ ಕಾಣಲ್ಲ, ತಿರುಗಿ ಕಾಣುತ್ತೆ. ಹಿಂದಿನ ಪುಟದಲ್ಲಿ ಬೆಳಗಿನ ಗೀಟು `/` ಇದ್ರೆ ಈ ಕಡೆಯಿಂದ ಅದು `\` ಆಗಿರುತ್ತೆ, ಅಂದ್ರೆ ಥೇಟ್ ಮಧ್ಯಾಹ್ನದ ಗೀಟು. ಈ ಕಡೆ ಚೌಕದಲ್ಲಿ ಅರ್ಧ ಆಳಿನ ಗೀಟು ಇದ್ದು, ಸರಿಯಾಗಿ ಅದರ ಬೆನ್ನಿಗೇ ಹಿಂದಿನ ಪುಟದಲ್ಲೂ ಅದೇ ಗೀಟು ಇದ್ರೆ ಎರಡೂ ಸೇರಿ ಫೋಟೋದಲ್ಲಿ ಪೂರ್ತಿ ಆಳು ಹುಟ್ಟುತ್ತೆ. ರೈಟರಣ್ಣಂಗೆ ಫೋನ್ ಮಾಡಿ, ಆ ಹಾಳೆ ಹಿಂದೆ ಒಂದು ಕಪ್ಪು ರಟ್ಟು ಇಟ್ಟು ಇನ್ನೊಂದು ಸಲ ಹೊಡೀರಿ ಅಂದೆ. ಹಿಂದಿನಿಂದ ಬರೋ ಬೆಳಕು ಕಪ್ಪಲ್ಲಿ ಅಡಗಿಹೋದ್ರೆ ಸೋರಿರೋ ಇಂಕು ಮಸುಕಾಗುತ್ತೆ. ಹೊಸ ಫೋಟೋದಲ್ಲಿ ಒಂದೇ ಗೀಟು. ಅರ್ಧ ಆಳೇ ಸರಿ, 65 ತಾಳೆ ಆಯ್ತು.

ತಾಳೆ ಆದ್ರೂ ಸಿಗದೇ ಇರೋ ತಪ್ಪು ಒಂದಿದೆ, ಅದನ್ನ ಇಲ್ಲೇ ಹೇಳ್ಬಿಡ್ತೀನಿ. ಬಲಗಡೆ ಪುಟದಲ್ಲಿ ಹೆಸರು ಇರಲ್ಲ. ಫೋಟೋ ಸ್ವಲ್ಪ ಓರೆಯಾಗಿದ್ರೆ ಎಡಗಡೆ ಆರನೇ ಹೆಸರಿಂದ ಹೊರಟ ಕಣ್ಣು ಬಲಗಡೆ ಏಳನೇ ಸಾಲಿಗೆ ಹೋಗ್ಬಿಡುತ್ತೆ. ಆಗ ಇಬ್ಬರ ಹಾಜರಿ ಅದಲುಬದಲಾದ್ರೆ ದಿನದ ಒಟ್ಟು ಬದಲಾಗಲ್ಲ, ಎಲ್ಲಾ ಸೇರಿಸಿದ ಒಟ್ಟೂ ಬದಲಾಗಲ್ಲ. ಕೆಂಪು ಒಟ್ಟು ಇರೋದೂ ಬಲಗಡೇನೇ, ಅದೂ ಸಾಲಿನ ಜೊತೇನೇ ಜಾರಿರುತ್ತೆ, ಆ ಇಬ್ಬರೂ ಸೋಮವಾರ ಮಂಗಳವಾರ ಒಂದೇ ಥರ ಬಂದಿದ್ರೆ ಎಲ್ಲಾನೂ ಸರಿ ಅಂತಾನೇ ತೋರಿಸುತ್ತೆ, ಒಬ್ಬರ ದುಡ್ಡು ಮಾತ್ರ ಇನ್ನೊಬ್ಬರಿಗೆ ಹೋಗುತ್ತೆ. ಇದಕ್ಕೆ ನಾನು ಕಂಡ ದಾರಿ ಒಂದೇ, ಫೋನಲ್ಲಿ "ಅಣ್ಣ, ಗುರುವಾರ ಯಾರ್ಯಾರು ಬಂದಿರ್ಲಿಲ್ಲ?" ಅಂತ ಹೆಸರು ಕೇಳೋದು. ನಾನು ಹೆಸರು ಹೇಳಿ ಹೌದಾ ಅಂತ ಕೇಳಲ್ಲ, ಅವರ ಬಾಯಿಂದಾನೇ ಬರ್ಬೇಕು. ಈಗ ಬಲಗಡೆ ಪುಟದಲ್ಲೂ ಅವರು ಸಾಲಿನ ನಂಬರ್ ಬರ್ಕೊಂಡಿದಾರೆ.

ಅವತ್ತು ಹಾಗೆ ಕೇಳಿದಾಗ ರೈಟರಣ್ಣ ಇಬ್ಬರ ಹೆಸರು ಹೇಳಿ, "ಇನ್ನು ನಾಲ್ಕು ಜನನ ನಾವೇ ಮಧ್ಯಾಹ್ನ ಕಳಿಸಿದ್ವಿ ಮೇಡಂ, ಅಂಥಾ ಮಳೆ. ಆರು ಜನಕ್ಕೆ ಗೋದಾಮಲ್ಲಿ ಮೆಣಸು ಹಸನು ಮಾಡೋ ಕೆಲಸ ಇತ್ತು, ಉಳಿದೋರಿಗೆ ಏನೂ ಇರ್ಲಿಲ್ಲ" ಅಂದ್ರು. ಆರು ಪೂರ್ತಿ, ನಾಲ್ಕು ಅರ್ಧ, ಅದಕ್ಕೇ 8. ಲೆಕ್ಕ ಸರಿ ಇದೆ, ಆದ್ರೆ ಕೂಲಿ ಸರಿ ಇಲ್ಲ ಅಂತ ನನಗೆ ಗೊತ್ತಾಗಿದ್ದು ಆ ಮಾತಲ್ಲಿ.

ಏಳನೇ ಸಾಲಿನ ಅಕ್ಕಂದೇ ನೋಡಿ. ಅವರಿಗೆ ಆ ವಾರ ಎರಡು ಅರ್ಧ ಇತ್ತು. ಬುಧವಾರ ಮಗಂಗೆ ಜ್ವರ ಅಂತ ಅವರೇ ಹೇಳಿ ಮಧ್ಯಾಹ್ನ ಮನೆಗೆ ಹೋಗಿದ್ರು. ಗುರುವಾರ ಅವರು ಕೆಲಸಕ್ಕೆ ತಯಾರಿದ್ರು, ತೋಟದಲ್ಲಿ ಕೆಲಸ ಕೊಡೋಕಾಗ್ಲಿಲ್ಲ. ಪುಸ್ತಕದಲ್ಲಿ ಎರಡಕ್ಕೂ ಒಂದೇ ಗೀಟು. ಆದ್ರೆ 2025ರ ನವೆಂಬರ್ ತನಕ ಇದ್ದ 1948ರ ಕನಿಷ್ಠ ವೇತನ ಕಾಯಿದೆಯ 15ನೇ ಸೆಕ್ಷನ್ ಇವೆರಡನ್ನ ಬೇರೆ ಮಾಡಿ ನೋಡ್ತಿತ್ತು. ದಿನದ ಲೆಕ್ಕದಲ್ಲಿ ಕನಿಷ್ಠ ಕೂಲಿ ನಿಗದಿ ಆಗಿರೋ ಕೆಲಸದಲ್ಲಿ ಒಬ್ಬರು ಪೂರ್ತಿ ಹೊತ್ತಿಗಿಂತ ಕಡಿಮೆ ಕೆಲಸ ಮಾಡಿದ್ರೂ ಪೂರ್ತಿ ದಿನದ ಕೂಲಿ ಕೊಡ್ಬೇಕು, ಮಾಡೋಕೆ ಅವರಿಗೇ ಮನಸ್ಸಿಲ್ಲದೇ ಬಿಟ್ಟಿದ್ರೆ ಬೇರೆ ಮಾತು. ನಿಯಮದಲ್ಲಿ ಹೇಳಿರೋ ಕೆಲವು ಸಂದರ್ಭಗಳಿಗೆ ವಿನಾಯ್ತಿ ಬಿಟ್ಟಿದಾರೆ, ಆದ್ರೆ ಮೂಲ ಮಾತು ಇದು. ಈಗ ಅದರ ಬದಲು ಜಾರಿಯಲ್ಲಿರೋ 2019ರ ವೇತನ ಸಂಹಿತೆಯ 10ನೇ ಸೆಕ್ಷನ್‌ನಲ್ಲೂ ಇದನ್ನೇ ಇಟ್ಕೊಂಡಿದಾರೆ. ಹಾಗಾಗಿ ಬುಧವಾರದ ಅರ್ಧಕ್ಕೆ 250, ಗುರುವಾರದ ಅರ್ಧಕ್ಕೆ 500.

ಸಾವ್ಕಾರ್ರಿಗೆ ಫೋನ್ ಮಾಡ್ದೆ. ಅವರು ಕೆಟ್ಟೋರಲ್ಲ, ಆದ್ರೆ ಈ ವಿಷಯ ಅವರಿಗೆ ಯಾರೂ ಹೇಳಿರ್ಲಿಲ್ಲ. "ಏನಮ್ಮಾ, ಮಳೆಗಾಲ ಪೂರ್ತಿ ಹಿಂಗೇ ಕೊಟ್ಕೊಂಡು ಹೋಗೋಕಾಗುತ್ತಾ?" ಅಂದ್ರು. ನಾನು ಆ ವಾರದ ದುಡ್ಡು ಹೇಳ್ದೆ. 65 ಆಳಿಗೆ 32,500. ನಾಲ್ಕು ಜನರ ಮಳೆ ಅರ್ಧ ಪೂರ್ತಿ ಮಾಡಿದ್ರೆ 67 ಆಳು, 33,500. ವ್ಯತ್ಯಾಸ ಸಾವಿರ ರೂಪಾಯಿ. ಅದೇ ಸಾವಿರ ಅಲ್ಲಿ ನಾಲ್ಕು ಮನೆಗೆ ತಲಾ 250, ಲೈನ್ ಮನೆಯಲ್ಲಿರೋರಿಗೆ ಅದು ಸಂತೆ ಸಾಮಾನು. ಕೊಡೋಕೆ ಭಾರ ಅನ್ಸಿದ್ರೆ ಮೆಣಸು ಹಸನು ಮಾಡೋದು, ಗೋಣಿಚೀಲ ಹೊಲಿಯೋದು ಇಂಥ ಒಳಗಿನ ಕೆಲಸನ ಮಳೆ ದಿನಕ್ಕೆ ಅಂತ ಎತ್ತಿಡಿ ಸಾರ್, ಆಗ ದುಡ್ಡೂ ದಂಡ ಆಗಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಆಯ್ತು, ಪೂರ್ತಿ ಹಾಕಿ ಕಳ್ಸು" ಅಂದ್ರು.

ಹಾಗಂತ ಗುರುವಾರದ `H` ಅಳಿಸಿ `X` ಮಾಡೋದು ಸರಿ ಅಲ್ಲ, ಮಾಡಿದ್ರೆ ಪುಸ್ತಕದ ಜೊತೆ ತಾಳೆ ತಪ್ಪುತ್ತೆ, ಮುಂದೆ ಯಾರಾದ್ರೂ ನೋಡಿದ್ರೆ ಸುಳ್ಳು ಹಾಜರಿ ಅನ್ನಿಸುತ್ತೆ. ಹಾಜರಿನೇ ಬೇರೆ, ಕೂಲಿನೇ ಬೇರೆ. ಮಳೆ ಅರ್ಧಕ್ಕೆ `R` ಅಂತ ಹೊಸ ಗುರುತು ಮಾಡ್ದೆ. ಮೊದಲನೇ ಸೂತ್ರ ಪುಸ್ತಕದ ಜೊತೆ ತಾಳೆ ನೋಡೋಕೆ, ಅದರಲ್ಲಿ `R` ಅರ್ಧ. ಎರಡನೇದು ದುಡ್ಡಿಗೆ, ಅದರಲ್ಲಿ `R` ಪೂರ್ತಿ. ಶೀಟಲ್ಲಿ ಹಾಜರಿ 4ನೇ ಸಾಲಿಂದ ಶುರು ಆಗೋದ್ರಿಂದ ಪುಸ್ತಕದ ಏಳನೇ ಸಾಲು ಅಲ್ಲಿ 10ನೇದು.

```
=COUNTIF(C10:H10,"X")+COUNTIF(C10:H10,"H")/2+COUNTIF(C10:H10,"R")/2
=COUNTIF(C10:H10,"X")+COUNTIF(C10:H10,"H")/2+COUNTIF(C10:H10,"R")
```

ಏಳನೇ ಸಾಲಿನ ಅಕ್ಕಂಗೆ ಮೊದಲನೇದರಲ್ಲಿ 5 ಬಂತು, ಕೆಂಪು ಅಂಕಿಗೆ ಸರಿ. ಎರಡನೇದರಲ್ಲಿ 5½, ಅಂದ್ರೆ 2,750. ಅದರಲ್ಲಿ ವಾರದ ಮಧ್ಯ ಇಸ್ಕೊಂಡಿದ್ದ ಮುಂಗಡ 500 ಕಳೆದು ಕೈಗೆ 2,250. ಮುಂಗಡನ ಯಾವತ್ತೂ ಬೇರೆ ಕಾಲಂನಲ್ಲೇ ತೋರಿಸ್ತೀನಿ, ಒಟ್ಟಲ್ಲಿ ಕಳೆದು ಒಂದೇ ಅಂಕಿ ಕೊಟ್ರೆ ಯಾಕೆ ಕಮ್ಮಿ ಬಂತು ಅಂತ ಅವರಿಗೆ ಗೊತ್ತಾಗಲ್ಲ, ಕೇಳೋಕೂ ಸಂಕೋಚ ಪಡ್ತಾರೆ.

ರೈಟರಣ್ಣಂಗೆ ಒಂದೇ ಒಂದು ಕೆಲಸ ಜಾಸ್ತಿ ಹೇಳಿದೀನಿ. ಅರ್ಧ ಆಳಿನ ಗೀಟಿನ ಪಕ್ಕ, ಮಳೆಗೆ ಕಳಿಸಿದ್ರೆ ಸಣ್ಣಕ್ಕೆ "ಮ", ಅವರಾಗೇ ಹೋಗಿದ್ರೆ "ಸ್ವ", ಅದೂ ಅವತ್ತವತ್ತೇ. ಶನಿವಾರ ನೆನಪು ಮಾಡ್ಕೊಂಡು ಬರೆದ್ರೆ ಯಾವ ಅರ್ಧ ಯಾಕೆ ಅಂತ ಅವರಿಗೂ ನೆನಪಿರಲ್ಲ, ಪಾಪ ಆಳಿನ ಮಾತಿಗೂ ಸಾವ್ಕಾರ್ರ ಮಾತಿಗೂ ಮಧ್ಯ ಸಿಕ್ಕಾಕೊಳ್ತಾರೆ. ಮುಂದಿನ ವಾರದ ಫೋಟೋ ಕಪ್ಪು ರಟ್ಟು ಇಟ್ಟೇ ಬಂತು, ಅದರಲ್ಲಿ ಮೂರು "ಮ" ಒಂದು "ಸ್ವ" ಇತ್ತು, "ಸ್ವ" ಹಾಕಿದ್ದ ಕಡೆ ಆ ಆಳಿನ ಹತ್ರಾನೇ ಸಹಿ ಮಾಡಿಸಿದ್ರು. ಅದನ್ನ ನಾನು ಹೇಳಿರ್ಲಿಲ್ಲ, ಅವರಿಗೇ ಹೊಳೆದಿದ್ದು. ಈಗ ಉಳಿದ ತೋಟದ ರೈಟರ್‌ಗಳಿಗೂ ಹಂಗೇ ಮಾಡಿ ಅಂತ ಹೇಳ್ತಿದೀನಿ.